ನಿಮಗಿದು ಗೊತ್ತೆ? ರೂಪಾಯಿ ಪಾವತಿಗೆ ಪೈಸೆಯ ಲೆಕ್ಕ!

ನೀವು ಆ್ಯಪ್‌ನಲ್ಲಿ 19.99 ರೂಪಾಯಿ ಪಾವತಿಸಿದರೆ, ಅನೇಕ ಪಾವತಿ ತಂತ್ರಾಂಶಗಳು ಅದನ್ನು 1999 ಪೈಸೆ ಎಂದೇ ಬರೆದಿಟ್ಟುಕೊಳ್ಳುತ್ತವೆ. ಕಂಪ್ಯೂಟರ್ ಸಾಮಾನ್ಯವಾಗಿ ದಶಮಾಂಶ ಸಂಖ್ಯೆಯನ್ನು ಎರಡರ ಘಾತಗಳಾಗಿ ಒಡೆದು ಇಡುತ್ತದೆ. ಮೂರನೇ ಒಂದು ಭಾಗವನ್ನು 0.333… ಎಂದು ಎಷ್ಟು ಬರೆದರೂ ಮುಗಿಯದ ಹಾಗೆ, 19.99 ಅಲ್ಲಿ ಪೂರ್ತಿ ಕೂರುವುದಿಲ್ಲ, ಕೂದಲೆಳೆಯಷ್ಟು ಕಡಿಮೆಯಾಗುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ `19.99 * 100` ಎಂದು ಕೇಳಿದರೆ ಬರುವ ಉತ್ತರ 1998.9999999999998. ಚುಕ್ಕೆಯ ನಂತರದ್ದನ್ನು ಕತ್ತರಿಸಿದರೆ ಉಳಿಯುವುದು 1998. ಒಂದು ಪೈಸೆ ಮಾಯ! ಲಕ್ಷಾಂತರ ವಹಿವಾಟುಗಳಲ್ಲಿ ಹೀಗಾದರೆ ಬ್ಯಾಂಕಿನ ಲೆಕ್ಕಕ್ಕೂ ವ್ಯಾಪಾರಿಯ ಲೆಕ್ಕಕ್ಕೂ ತಾಳೆಯಾಗದು. ಮೊದಲಿಂದಲೂ ಪೂರ್ಣಾಂಕದಲ್ಲೇ ಇಟ್ಟರೆ ಈ ಸೋರಿಕೆ ಇಲ್ಲ. ಆದರೆ ನೂರರಿಂದ ಗುಣಿಸುವ ಸೂತ್ರ ಎಲ್ಲ ದೇಶಕ್ಕೂ ಹೊಂದದು: ಜಪಾನಿನ ಯೆನ್‌ಗೆ ಈಗ ಚಿಲ್ಲರೆಯೇ ಬಳಕೆಯಲ್ಲಿಲ್ಲ, ಕುವೈತಿನ ಒಂದು ದಿನಾರ್‌ಗೆ 1000 ಫಿಲ್ಸ್.