ಕೊನೆಯ ಕಂತು ಕಟ್ಟಿದ ಮೇಲೂ ಆರ್‌ಸಿಯಲ್ಲಿ ಉಳಿಯುವ ಹೆಸರು

ನಮ್ಮ ಚಿಕ್ಕಪ್ಪ ಕಳೆದ ವರ್ಷ ಕಾರು ಮಾರಲು ಹೊರಟರು. ಹತ್ತು ವರ್ಷದ ಹಳೆಯ ಗಾಡಿ, ಚೆನ್ನಾಗಿಯೇ ಇತ್ತು. ಕೊಳ್ಳಲು ಬಂದವರು ಪಕ್ಕದ ಊರಿನ ಹೈಸ್ಕೂಲ್ ಮೇಷ್ಟ್ರು. ಟೈರು ನೋಡಿದರು, ಬಾನೆಟ್ ಎತ್ತಿ ನೋಡಿದರು, ಒಂದು ಸುತ್ತು ಓಡಿಸಿಯೂ ನೋಡಿದರು. ರೇಟು ಕುದುರಿತು. ಆಮೇಲೆ ಅವರು ಜಗಲಿಯ ಮೇಲೆ ಕೂತು ಮೊಬೈಲಿನ mParivahan ಆಪ್‌ನಲ್ಲಿ ಗಾಡಿ ನಂಬರ್ ಹಾಕಿದರು. "ಸಾರ್, ಇದರ ಮೇಲೆ ಇನ್ನೂ ಬ್ಯಾಂಕ್ ಹೆಸರಿದೆಯಲ್ಲ?" ಎಂದರು.

"ಸಾಲ ತೀರಿ ಐದು ವರ್ಷ ಆಯ್ತಲ್ಲಪ್ಪ!" ಎಂದು ಚಿಕ್ಕಪ್ಪ ಒಳಗೆ ಹೋಗಿ ಬೀರುವಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದರು. ಮಕ್ಕಳ ಜಾತಕದ ಜೊತೆಗೆ ಬ್ಯಾಂಕ್ ಕೊಟ್ಟ ಎನ್‌ಒಸಿಯೂ ಅದರಲ್ಲಿ ಭದ್ರವಾಗಿತ್ತು. ಇನ್ನೊಂದು ಹಾಳೆಯೂ ಇತ್ತು, ಫಾರಂ 35. ಬ್ಯಾಂಕಿನವರ ಸಹಿ, ಸೀಲು ಎರಡೂ ಅದರ ಮೇಲಿದ್ದವು. ಚಿಕ್ಕಪ್ಪ ಸಹಿ ಹಾಕಬೇಕಾದ ಜಾಗ ಮಾತ್ರ ಐದು ವರ್ಷದಿಂದ ಖಾಲಿಯಾಗಿತ್ತು.

ಇಂಥ ಕವರ್ ಎಷ್ಟೋ ಮನೆಗಳ ಬೀರುವಿನಲ್ಲಿದೆ. ಸಾಲ ತೀರಿಸಿದವರ ಮನಸ್ಸಿನಲ್ಲಿ ಲೆಕ್ಕ ಅಲ್ಲಿಗೇ ಮುಗಿದಿರುತ್ತದೆ. ಚಿನ್ನ ಗಿರವಿ ಇಟ್ಟವರಿಗೆ ಈ ತೊಂದರೆ ಬರುವುದಿಲ್ಲ. ದುಡ್ಡು ಕಟ್ಟಿದ ದಿನ ಬಳೆ ಕೈಗೆ ಬರುತ್ತದೆ, ಬರದಿದ್ದರೆ ಅಲ್ಲೇ ನಿಂತು ಕೇಳುತ್ತೇವೆ. ವಾಹನ ಸಾಲದಲ್ಲಿ ಗಾಡಿ ಮೊದಲ ದಿನದಿಂದಲೂ ನಮ್ಮ ಮನೆಯ ಮುಂದೆಯೇ ಇರುತ್ತದೆ. ಬ್ಯಾಂಕಿನ ಬಳಿ ಇರುವುದು ಅದರ ಮೇಲಿನ ಹಕ್ಕು ಮಾತ್ರ. ವಸ್ತು ಸಾಲಗಾರನ ಕೈಯಲ್ಲೇ ಇದ್ದು ಅದರ ಮೇಲಿನ ಹಕ್ಕು ಸಾಲ ಕೊಟ್ಟವರಿಗೆ ಒತ್ತೆಯಾಗುವ ಈ ಏರ್ಪಾಟಿಗೇ ಹೈಪೋಥಿಕೇಶನ್ ಎನ್ನುವುದು. ಆರ್‌ಟಿಒ ಕಚೇರಿಯ ಸುತ್ತಮುತ್ತ ಅದನ್ನು ಚಿಕ್ಕದಾಗಿ ಎಚ್‌ಪಿ ಎನ್ನುತ್ತಾರೆ. ಗಾಡಿ ನೋಂದಣಿಯಾಗುವಾಗಲೇ ಆ ಹಕ್ಕನ್ನು ಸಾರಿಗೆ ಇಲಾಖೆಯ ದಾಖಲೆಯಲ್ಲಿ ಬರೆಸಿರುತ್ತಾರೆ. ಕೊನೆಯ ಕಂತಿನ ದಿನ ಬ್ಯಾಂಕಿನ ಲೆಜರ್‌ನಲ್ಲಿ ಸಾಲ ಸೊನ್ನೆಯಾಗುತ್ತದೆ, ಇಲಾಖೆಯ ದಾಖಲೆಗೆ ಆ ಸುದ್ದಿ ಮುಟ್ಟಿರುವುದಿಲ್ಲ. ಕೆಲವು ಬ್ಯಾಂಕುಗಳು ಈಗ ಎನ್‌ಒಸಿಯನ್ನು ನೇರವಾಗಿ ಇಲಾಖೆಯ ಕಂಪ್ಯೂಟರಿಗೆ ಕಳಿಸುತ್ತವೆ. ಆದರೂ ಹೆಸರು ಹೋಗಿದೆಯೇ ಎಂದು ಗಾಡಿಯ ಯಜಮಾನರೇ ಕಣ್ಣಾರೆ ನೋಡಿಕೊಳ್ಳಬೇಕು.

1988ರ ಮೋಟಾರು ವಾಹನ ಕಾಯ್ದೆಯ 51ನೇ ಕಲಮು ಇಡೀ ಈ ವಿಷಯಕ್ಕೇ ಮೀಸಲು. ದಾಖಲೆಯಲ್ಲಿ ಸಾಲ ಕೊಟ್ಟವರ ಹೆಸರಿರುವ ತನಕ ಅವರ ಲಿಖಿತ ಒಪ್ಪಿಗೆಯಿಲ್ಲದೆ ಗಾಡಿ ಬೇರೆಯವರ ಹೆಸರಿಗೆ ಹೋಗುವುದಿಲ್ಲ. ಆರ್‌ಸಿ ಕಳೆದುಹೋದರೆ ಡೂಪ್ಲಿಕೇಟ್ ಕೇಳುವಾಗಲೂ, ಗಾಡಿಯನ್ನು ಬೇರೆ ರಾಜ್ಯಕ್ಕೆ ಒಯ್ಯುವಾಗಲೂ ಅವರ ಆಕ್ಷೇಪಣೆ ಇಲ್ಲವೆಂಬ ಪತ್ರ ಬೇಕು. ಹೆಸರು ತೆಗೆಸುವ ಅರ್ಜಿಯೇ ಫಾರಂ 35. ಅದರ ಒಕ್ಕಣೆಯನ್ನು ಒಮ್ಮೆ ಓದಿ ನೋಡಬೇಕು. ನಮ್ಮಿಬ್ಬರ ನಡುವಿನ ಕರಾರು ಮುಗಿದಿದೆ, ಆದ್ದರಿಂದ ಆರ್‌ಸಿಯಲ್ಲಿ ಬರೆದಿರುವ ಟಿಪ್ಪಣಿಯನ್ನು ರದ್ದು ಮಾಡಿ ಎಂದು ಮಾಲೀಕರು, ಬ್ಯಾಂಕಿನವರು ಇಬ್ಬರೂ ಒಟ್ಟಿಗೆ ಕೇಳಿಕೊಳ್ಳುವ ಪತ್ರ ಅದು. ಕೆಳಗೆ ಎರಡು ಸಹಿಗಳಿಗೂ ಜಾಗವಿದೆ. ಬ್ಯಾಂಕ್ ತನ್ನ ಸಹಿ ಹಾಕಿ ಕೊಟ್ಟರೆ ಅದರ ಪಾಲಿನ ಕೆಲಸ ಮುಗಿಯಿತು. ಉಳಿದರ್ಧ ನಮ್ಮದು.

ಎನ್‌ಒಸಿಯ ಮೇಲೆ ಇನ್ನೊಂದು ಸಾಲೂ ಇತ್ತು, ಸಣ್ಣ ಅಕ್ಷರದಲ್ಲಿ. ಈ ಪತ್ರ ಕೊಟ್ಟ ದಿನದಿಂದ 90 ದಿನ ಮಾತ್ರ ಚಾಲ್ತಿ ಎಂದು. ಸಾಮಾನ್ಯವಾಗಿ ಬ್ಯಾಂಕುಗಳು ಮೂರು ತಿಂಗಳ ವಾಯಿದೆಯನ್ನೇ ಹಾಕುತ್ತವೆ. ವಾಯಿದೆ ಮುಗಿದರೆ ಸಾಲ ಮತ್ತೆ ಹುಟ್ಟುವುದಿಲ್ಲ, ಆದರೆ ಆ ಕಾಗದವನ್ನು ಆರ್‌ಟಿಒದಲ್ಲಿ ತೆಗೆದುಕೊಳ್ಳುವುದಿಲ್ಲ. ಬ್ಯಾಂಕಿಗೆ ಹೋಗಿ ಹೊಸದು ಬರೆಸಿಕೊಂಡು ಬರಬೇಕು. ಹಾಗೆ ಮತ್ತೆ ಕೊಡುವುದಕ್ಕೆ ಹಲವು ಕಡೆ ಶುಲ್ಕವೂ ಇದೆ.

ಚಿಕ್ಕಪ್ಪನ ಜೊತೆ ನಾನೂ ಹೋದೆ. ಅವರಿಗೆ ಸಾಲ ಕೊಟ್ಟ ಬ್ಯಾಂಕೇ ಈಗ ಇರಲಿಲ್ಲ, ಇನ್ನೊಂದರಲ್ಲಿ ಸೇರಿಹೋಗಿತ್ತು. ಕರ್ನಾಟಕದಲ್ಲಿ ಇದು ಬಹಳ ಜನರ ಪಾಡು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್‌ನಲ್ಲಿ ಎಸ್‌ಬಿಐಗೆ ಸೇರಿತು. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಗೆ ಹೋಯಿತು. ಮರುವರ್ಷ ಅದೇ ತಿಂಗಳು ಸಿಂಡಿಕೇಟ್ ಬ್ಯಾಂಕ್ ಕೆನರಾಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಈ ನಾಲ್ಕರಲ್ಲಿ ಸಾಲ ಮಾಡಿ ಗಾಡಿ ಕೊಂಡವರ ಆರ್‌ಸಿಯಲ್ಲಿ ಹಳೆಯ ಹೆಸರೇ ಇರುತ್ತದೆ, ಎನ್‌ಒಸಿ ಮಾತ್ರ ಹೊಸ ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಬರುತ್ತದೆ. ಆರ್‌ಟಿಒ ಗುಮಾಸ್ತರು ನೋಡುವುದು ಎರಡು ಕಾಗದಗಳ ಹೆಸರು ತಾಳೆಯಾಗುತ್ತದೆಯೇ ಎಂಬುದನ್ನು. ಹಾಗಾಗಿ ಹಿಂದೆ ಇಂಥ ಬ್ಯಾಂಕ್ ಆಗಿದ್ದದ್ದು ಈಗ ನಮ್ಮಲ್ಲಿ ವಿಲೀನವಾಗಿದೆ ಎಂಬ ಮಾತನ್ನು ಎನ್‌ಒಸಿಯಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು. ಇದನ್ನು ನಾವು ಎರಡನೆಯ ಸಲ ಹೋದಾಗ ಕಲಿತೆವು.

ಮೊದಲ ಸಲ ಹೋದಾಗ ಬೇರೆಯೇ ತೊಡಕು. ವಿಲೀನವಾದಾಗ ಸಾಲದ ಖಾತೆ ಸಂಖ್ಯೆ ಬದಲಾಗಿತ್ತು. ಹಳೆಯ ಪಾಸ್‌ಬುಕ್ಕಿನ ಸಂಖ್ಯೆ ಹಾಕಿದರೆ ಕಂಪ್ಯೂಟರಿನಲ್ಲಿ ಏನೂ ಬರಲಿಲ್ಲ. ಹಳೆಯ ಎನ್‌ಒಸಿ ಕೆಲಸಕ್ಕೆ ಬಂದದ್ದು ಆಗಲೇ. ಅದರ ವಾಯಿದೆ ಮುಗಿದಿದ್ದರೂ ಸಾಲ ತೀರಿದ ತಾರೀಖು, ಷಾಸಿ ನಂಬರ್, ಹಳೆಯ ಖಾತೆ ಸಂಖ್ಯೆ ಮೂರೂ ಅದರಲ್ಲಿದ್ದವು. ಅದನ್ನು ಹಿಡಿದೇ ಅಲ್ಲಿದ್ದ ಅಧಿಕಾರಿ ಹೊಸ ಖಾತೆಯನ್ನು ಹುಡುಕಿ ತೆಗೆದರು. ವಾಯಿದೆ ಮುಗಿದ ಎನ್‌ಒಸಿಯನ್ನು ಹರಿದು ಎಸೆಯಬೇಡಿ.

ನನ್ನ ಗೆಳೆಯನೊಬ್ಬನ ಸ್ಕೂಟರ್ ಸಾಲದಲ್ಲಿ ಎನ್‌ಒಸಿಯೇ ಹುಟ್ಟಿರಲಿಲ್ಲ. ಕಂತುಗಳೆಲ್ಲ ಸಂದಿವೆ ಎಂದೇ ಅವನು ತಿಳಿದಿದ್ದ. ಎಂದೋ ಒಂದು ತಿಂಗಳು ಖಾತೆಯಲ್ಲಿ ದುಡ್ಡಿಲ್ಲದೆ ಕಂತು ವಾಪಸಾಗಿ, ಅದರ ಶುಲ್ಕ 590 ರೂಪಾಯಿ ಹಾಗೇ ನಿಂತಿತ್ತು. ಅಷ್ಟು ಬಾಕಿ ಇದ್ದರೂ ಸಾಕು, ಖಾತೆ ಮುಚ್ಚುವುದಿಲ್ಲ. ಖಾತೆ ಮುಚ್ಚದೆ ಎನ್‌ಒಸಿ ಬರುವುದಿಲ್ಲ. ಕೊನೆಯ ಕಂತು ಹೋದ ವಾರದಲ್ಲೇ ಸಾಲದ ಖಾತೆಯ ಪೂರ್ತಿ ಸ್ಟೇಟ್‌ಮೆಂಟ್ ತೆಗೆಸಿ, ಬಾಕಿ ಸೊನ್ನೆ ಎಂದಿದೆಯೇ ನೋಡಬೇಕು. ಅದೇ ಬ್ಯಾಂಕಿನಲ್ಲಿ ನಿಮ್ಮದು ಬೇರೆ ಸಾಲವೂ ಇದ್ದು ಅದು ತಡವಾಗಿದ್ದರೆ, ಕರಾರಿನಲ್ಲಿರುವ ಷರತ್ತು ತೋರಿಸಿ ಈ ಎನ್‌ಒಸಿಯನ್ನು ತಡೆಹಿಡಿಯುವುದೂ ಉಂಟು.

ಲೆಕ್ಕ ಸೊನ್ನೆಯಾದ ಮೇಲೂ ಸತಾಯಿಸಿದರೆ ಕೇಳುವ ಹಕ್ಕಿದೆ. 2023ರ ಸೆಪ್ಟೆಂಬರ್ 13ರಂದು ರಿಸರ್ವ್ ಬ್ಯಾಂಕ್ ಒಂದು ಆದೇಶ ಹೊರಡಿಸಿತು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಆಸ್ತಿಯ ಮೂಲ ದಾಖಲೆ ಕೊಟ್ಟು, ನೋಂದಾಯಿಸಿದ ಹಕ್ಕನ್ನು ತೆರವು ಮಾಡಬೇಕು. ಸಾಲ ಕೊಟ್ಟವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಅದೇ ವರ್ಷದ ಡಿಸೆಂಬರ್ 1ರಿಂದ ಇದು ಜಾರಿಗೆ ಬಂತು. ಚರಾಸ್ತಿಯೂ ಇದರಲ್ಲಿ ಸೇರಿದೆ. ಸ್ವಂತ ಬಳಕೆಯ ವಾಹನದ ಸಾಲವನ್ನು ರಿಸರ್ವ್ ಬ್ಯಾಂಕ್ ವೈಯಕ್ತಿಕ ಸಾಲ ಎಂದೇ ಎಣಿಸುತ್ತದೆ. ಆದರೆ ಬಾಡಿಗೆಗೆ ಓಡಿಸುವ ಆಟೊ, ಟ್ಯಾಕ್ಸಿ, ಲಾರಿಯ ಸಾಲ ಆ ಲೆಕ್ಕಕ್ಕೆ ಬರುವುದಿಲ್ಲ. ಗಾಡಿಯನ್ನೇ ನಂಬಿ ದುಡಿಯುವವರು ಹೀಗೆ ಹೊರಗುಳಿದಿರುವುದು ನನಗೆ ಸರಿ ಕಾಣುವುದಿಲ್ಲ. ದೂರನ್ನು ಮೊದಲು ಬ್ಯಾಂಕಿಗೇ ಬರೆದು ಕೊಟ್ಟು ಸ್ವೀಕೃತಿ ಪಡೆಯಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ cms.rbi.org.in ಮೂಲಕ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಹೊಸ ಎನ್‌ಒಸಿ ಕೈಗೆ ಬಂದ ಮೇಲೆ ಉಳಿದ ಕೆಲಸ ಅಷ್ಟು ಕಷ್ಟವಾಗಲಿಲ್ಲ. parivahan.gov.in ತೆರೆದು ವಾಹನ ಸೇವೆಗಳಿಗೆ ಹೋಗಿ, ರಾಜ್ಯ ಆರಿಸಿ, ಗಾಡಿ ನಂಬರ್ ಮತ್ತು ಷಾಸಿ ನಂಬರಿನ ಕೊನೆಯ ಐದು ಅಂಕಿ ಹಾಕಿದರೆ ಮೊಬೈಲಿಗೆ ಒಟಿಪಿ ಬರುತ್ತದೆ. ಅದು ಬರುವುದು ದಾಖಲೆಯಲ್ಲಿರುವ ನಂಬರಿಗೆ. ಕಾರು ಕೊಂಡಾಗ ಷೋರೂಮಿನವರು ಬರೆದಿದ್ದ ಚಿಕ್ಕಪ್ಪನ ನಂಬರ್ ಎಂದೋ ಹೋಗಿತ್ತು, ಅದನ್ನು ಮೊದಲು ಬದಲಾಯಿಸಬೇಕಾಯಿತು. ಆಮೇಲೆ Hypothecation Termination ಎಂಬುದನ್ನು ಆರಿಸಿ, ಅಲ್ಲೇ ತೋರಿಸುವ ಶುಲ್ಕ ಕಟ್ಟಿ, ಅರ್ಜಿಯ ಪ್ರತಿ ತೆಗೆದುಕೊಂಡೆವು. ಜೊತೆಗೆ ಇಟ್ಟದ್ದು ಆರ್‌ಸಿ ಕಾರ್ಡ್, ಎನ್‌ಒಸಿ, ಎರಡೂ ಸಹಿ ಇರುವ ಫಾರಂ 35, ವಿಳಾಸದ ಪುರಾವೆ, ಇನ್ಶೂರೆನ್ಸ್ ಮತ್ತು ಎಮಿಷನ್ ಸರ್ಟಿಫಿಕೇಟ್. ಎಮಿಷನ್ ಅವಧಿ ಮುಗಿದು ಎರಡು ವಾರವಾಗಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಟೆಸ್ಟ್ ಮಾಡಿಸಿಕೊಂಡೇ ಆರ್‌ಟಿಒಗೆ ಹೋದೆವು. ಷಾಸಿ ನಂಬರನ್ನು ಆರ್‌ಸಿ, ಎನ್‌ಒಸಿ, ಫಾರಂ ಮೂರರಲ್ಲೂ ಒಂದೊಂದೇ ಅಕ್ಷರವಾಗಿ ಓದಿ ತಾಳೆ ನೋಡಿದ್ದೆವು. ಸೊನ್ನೆಯ ಜಾಗದಲ್ಲಿ ಇಂಗ್ಲಿಷ್ ಓ ಬಿದ್ದಿದ್ದರೂ ಅರ್ಜಿ ವಾಪಸ್ ಬರಬಹುದು.

ಹೆಚ್ಚು ಜನ ಮರೆಯುವ ಇನ್ನೊಂದು ಜಾಗ ಇನ್ಶೂರೆನ್ಸ್ ಪಾಲಿಸಿ. ಚಿಕ್ಕಪ್ಪನ ಪಾಲಿಸಿಯ ಕೆಳಗೆ ಐಎಂಟಿ 7 ಎಂದು ಬರೆದು ಹಳೆಯ ಬ್ಯಾಂಕಿನ ಹೆಸರನ್ನೇ ಕೊಟ್ಟಿದ್ದರು. ಪ್ರತಿ ವರ್ಷ ನವೀಕರಿಸುವಾಗಲೂ ಹಿಂದಿನ ಪಾಲಿಸಿಯಿಂದ ಅದು ಹಾಗೇ ಇಳಿದು ಬಂದಿತ್ತು. ಆ ಷರತ್ತು ಇದ್ದರೆ ಗಾಡಿ ಕಳುವಾದಾಗ ಅಥವಾ ಪೂರ್ತಿ ಜಖಂ ಆದಾಗ ಪರಿಹಾರದ ಹಣ ಮೊದಲು ಸಲ್ಲಬೇಕಾದದ್ದು ಅಲ್ಲಿ ಹೆಸರಿರುವ ಬ್ಯಾಂಕಿಗೆ. ಐದು ವರ್ಷದಲ್ಲಿ ಯಾವತ್ತಾದರೂ ಕಾರು ಕಳುವಾಗಿದ್ದರೆ, ಪೊಲೀಸ್ ಠಾಣೆಗೆ ಅಲೆಯುವುದರ ಜೊತೆಗೆ ಇಲ್ಲದ ಬ್ಯಾಂಕಿನ ಎನ್‌ಒಸಿಗೂ ಅಲೆಯಬೇಕಿತ್ತು ಎಂದು ನೆನೆದಾಗ ನನಗೆ ನಿಜಕ್ಕೂ ಭಯವಾಯಿತು. ಬ್ಯಾಂಕಿನವರು ಇನ್ಶೂರೆನ್ಸ್ ಕಂಪನಿಗೆಂದು ಕೊಟ್ಟಿದ್ದ ಇನ್ನೊಂದು ಎನ್‌ಒಸಿ ಪ್ರತಿಯನ್ನು ಅವರ ಕಚೇರಿಗೆ ಕೊಟ್ಟೆವು. ಹೆಸರು ತೆಗೆದ ತಿದ್ದುಪಡಿ ಹಾಳೆ ಕೆಲವೇ ದಿನದಲ್ಲಿ ಬಂತು.

ಬ್ಯಾಂಕಿಗೆ ಮೊದಲ ಸಲ ಹೋದ ದಿನದಿಂದ ಐದು ವಾರಕ್ಕೆ ಹೊಸ ಆರ್‌ಸಿ ಕಾರ್ಡ್ ಅಂಚೆಯಲ್ಲಿ ಬಂತು. ಅದಕ್ಕೂ ಮೊದಲೇ ಆಪ್‌ನಲ್ಲಿ ಬ್ಯಾಂಕಿನ ಹೆಸರು ಹೋಗಿದ್ದನ್ನು ನೋಡಿ ಮೇಷ್ಟ್ರಿಗೆ ಫೋನ್ ಮಾಡಿದ್ದೆವು. ಅವರು ಕಾದಿದ್ದರು. ಮುಂದಿನ ಸೋಮವಾರ ಫಾರಂ 29, ಫಾರಂ 30 ತುಂಬಿ ಕಾರನ್ನು ಅವರ ಹೆಸರಿಗೆ ಮಾಡಲು ಕೊಟ್ಟೆವು. ಮೇಷ್ಟ್ರು ಅದಕ್ಕೆ ಸಾಲ ಮಾಡಿದ್ದರು. ಅವರ ಹೊಸ ಆರ್‌ಸಿಯಲ್ಲಿ ಈಗ ಅವರ ಬ್ಯಾಂಕಿನ ಹೆಸರಿದೆ.