ಬಾಗಿದ ಗೆರೆ, ಹಿಗ್ಗಿದ ಮಡಕೆ

ವೈಡ್ ಆಂಗಲ್ ಲೆನ್ಸಿನಲ್ಲಿ ತೆಗೆದ ಫೋಟೊದಿಂದ ಒಂದು ವಸ್ತುವನ್ನು ಕತ್ತರಿಸಿ ಇನ್ನೊಂದು ಫೋಟೊಗೆ ಅಂಟಿಸಿದಾಗ, ಅದು ಆ ಜಾಗದ್ದಲ್ಲ ಎಂದು ನೋಡಿದೊಡನೆ ಅನಿಸುವುದುಂಟು. ಬಣ್ಣ ಹೊಂದಿಸಿ, ನೆರಳು ಬಳಿದು, ಅಂಚನ್ನು ನಯಗೊಳಿಸಿದ ಮೇಲೂ ಆ ಅನಿಸಿಕೆ ಉಳಿದರೆ ದೋಷ ಬಣ್ಣದಲ್ಲಿಲ್ಲ, ಆಕಾರದಲ್ಲಿದೆ. ಆಕಾರ ಕೆಡುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಒಂದು, ಲೆನ್ಸು ನೇರ ಗೆರೆಯನ್ನು ಬಾಗಿಸುವುದು. ಇನ್ನೊಂದು, ಚೌಕಟ್ಟಿನ ಅಂಚಿನಲ್ಲಿರುವ ವಸ್ತು ಅಗಲಕ್ಕೆ ಹಿಗ್ಗುವುದು. ಇವೆರಡನ್ನೂ ಒಂದೇ ಎಂದು ತಿಳಿಯುವವರೇ ಹೆಚ್ಚು. ಆದರೆ ಮೊದಲನೆಯದನ್ನು ತಿದ್ದಿದರೆ ಎರಡನೆಯದು ತಾನಾಗಿ ಹೋಗುವುದಿಲ್ಲ. ಕೆಲವೊಮ್ಮೆ ಇನ್ನಷ್ಟು ಹೆಚ್ಚುತ್ತದೆ.

ಒಂದು ಉದಾಹರಣೆಯನ್ನೇ ಹಿಡಿದು ನೋಡಬಹುದು. ಜಗಲಿಯ ಫೋಟೊ ಒಂದಿದೆ. ಅದನ್ನು ಫುಲ್ ಫ್ರೇಮ್ ಕ್ಯಾಮೆರಾಕ್ಕೆ 24 ಮಿ.ಮೀ. ಲೆನ್ಸ್ ಹಾಕಿ, ಕ್ಯಾಮೆರಾವನ್ನು ಓರೆ ಮಾಡದೆ, ಮಡಕೆಯ ಮಟ್ಟದಲ್ಲೇ ಹಿಡಿದು ತೆಗೆಯಲಾಗಿದೆ. ಚಿತ್ರದ ಬಲ ಅಂಚಿನಲ್ಲಿ ಮರದ ಸ್ಟೂಲು, ಅದರ ಮೇಲೆ ದುಂಡನೆಯ ಮಣ್ಣಿನ ಮಡಕೆ. ಈ ಎರಡನ್ನೂ 50 ಮಿ.ಮೀ. ಲೆನ್ಸಿನಲ್ಲಿ ತೆಗೆದ ಅಂಗಳದ ಚಿತ್ರವೊಂದರ ನಡುವೆ ಇಡಬೇಕಾಗಿದೆ.

ಮೊದಲು ಬಾಗಿದ ಗೆರೆಗಳನ್ನು ನೋಡಬೇಕು. ವೈಡ್ ಲೆನ್ಸುಗಳಲ್ಲಿ ಚಿತ್ರದ ಅಂಚಿನ ಭಾಗ ನಡುವಿನ ಭಾಗಕ್ಕಿಂತ ಸ್ವಲ್ಪ ಕಡಿಮೆ ದೊಡ್ಡದಾಗಿ ಮೂಡುತ್ತದೆ. ಹಾಗಾಗಿ ಅಂಚಿನ ಹತ್ತಿರದ ನೇರ ಗೆರೆ ಹೊರಗಡೆಗೆ ಉಬ್ಬುತ್ತದೆ. ಇದನ್ನು ಬ್ಯಾರೆಲ್ ಡಿಸ್ಟಾರ್ಷನ್ ಎನ್ನುತ್ತಾರೆ. ಪತ್ತೆ ಹಚ್ಚುವುದು ಸುಲಭ: ಸ್ಟೂಲಿನ ಕಾಲಿನ ಮೇಲ್ತುದಿಗೂ ಕೆಳತುದಿಗೂ ಒಂದು ನೇರ ಗೆರೆ ಎಳೆದರೆ ಕಾಲಿನ ನಡುಭಾಗ ಆ ಗೆರೆಯಿಂದ ಬಲಕ್ಕೆ ಸರಿದಿರುತ್ತದೆ. ಚಿಕ್ಕ ವಸ್ತುವಿನಲ್ಲಿ ಈ ಬಾಗು ಕಣ್ಣಿಗೆ ಬೀಳದಿರಬಹುದು. ಅದೇ ಫೋಟೊದ ಬಾಗಿಲ ಚೌಕಟ್ಟನ್ನೋ ಕಂಬವನ್ನೋ ನೋಡಿದರೆ ಗೊತ್ತಾಗುತ್ತದೆ.

ತಿದ್ದುವುದಕ್ಕೆ ಆಯಾ ಲೆನ್ಸಿನ ಪ್ರೊಫೈಲ್ ಇದ್ದರೆ ಒಳ್ಳೆಯದು. ಯಾವ ಲೆನ್ಸು ಎಲ್ಲಿ ಎಷ್ಟು ಬಾಗಿಸುತ್ತದೆ ಎಂದು ಮೊದಲೇ ಅಳೆದಿಟ್ಟ ಮಾಹಿತಿ ಅದು. ಫೋಟೊಶಾಪ್‌ನಲ್ಲಿ `Filter > Lens Correction` ತೆರೆದರೆ ಫೋಟೊದೊಳಗೆ ದಾಖಲಾದ ಲೆನ್ಸಿನ ವಿವರ ನೋಡಿ ಪ್ರೊಫೈಲನ್ನು ಅದೇ ಹುಡುಕಿಕೊಳ್ಳುತ್ತದೆ. ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್ ಈ ಕೆಲಸಕ್ಕೆ ಲೆನ್ಸ್‌ಫನ್ ಎಂಬ ಮುಕ್ತ ಮಾಹಿತಿಕೋಶವನ್ನು ಬಳಸುತ್ತದೆ. ಪ್ರೊಫೈಲ್ ಸಿಗದಿದ್ದರೆ ಗಿಂಪ್‌ನ `Filters > Distorts > Lens Distortion` ತೆರೆದು, ಗೊತ್ತಿರುವ ನೇರ ಗೆರೆಯೊಂದು ನೇರವಾಗುವವರೆಗೆ `Main` ಅಳತೆಯನ್ನು ಕೈಯಿಂದಲೇ ಸರಿಸಬೇಕು.

ಇಲ್ಲಿ ಕೆಲಸದ ಕ್ರಮ ಬಹಳ ಮುಖ್ಯ. ತಿದ್ದುವಿಕೆ ಕತ್ತರಿಸುವ ಮುನ್ನವೇ, ಕ್ರಾಪ್ ಮಾಡದ ಇಡೀ ಫೋಟೊದ ಮೇಲೆ ಆಗಬೇಕು. ಲೆನ್ಸಿನ ಬಾಗು ಲೆನ್ಸಿನ ನಡುಬಿಂದುವಿನಿಂದ ಎಷ್ಟು ದೂರ ಎಂಬುದರ ಮೇಲೆ ನಿಂತಿದೆ, ತಂತ್ರಾಂಶವೋ ಚಿತ್ರದ ನಡುವನ್ನೇ ಲೆನ್ಸಿನ ನಡು ಎಂದು ಎಣಿಸುತ್ತದೆ. ಸ್ಟೂಲನ್ನು ಮೊದಲೇ ಕತ್ತರಿಸಿ ತೆಗೆದು ಆಮೇಲೆ ಫಿಲ್ಟರ್ ಹಾಕಿದರೆ, ಅದು ಮಡಕೆಯ ಹೊಟ್ಟೆಯೇ ಲೆನ್ಸಿನ ನಡು ಎಂದುಕೊಂಡು ಬಾಗಬಾರದ ಕಡೆ ಬಾಗಿಸುತ್ತದೆ. ಇನ್ನೊಂದು ಎಚ್ಚರವೂ ಬೇಕು. ಅನೇಕ ಮೊಬೈಲುಗಳೂ ಈಚಿನ ಕ್ಯಾಮೆರಾಗಳೂ ಚಿತ್ರ ಉಳಿಸುವಾಗಲೇ ಬಾಗನ್ನು ತಿದ್ದಿಬಿಡುತ್ತವೆ. ಅದರ ಮೇಲೆ ಮತ್ತೊಮ್ಮೆ ಪ್ರೊಫೈಲ್ ಹಾಕಿದರೆ ಗೆರೆಗಳು ಈ ಸಲ ಒಳಗಡೆಗೆ ಬಾಗುತ್ತವೆ. ಆದ್ದರಿಂದ ಮೊದಲು ಗೆರೆ ನೋಡಬೇಕು, ಆಮೇಲೆ ಫಿಲ್ಟರ್.

ಈಗ ಸ್ಟೂಲಿನ ಕಾಲುಗಳು ನೇರವಾದವು. ಮಡಕೆ ಮಾತ್ರ ಇನ್ನೂ ದುಂಡಗಿಲ್ಲ; ಅಡ್ಡಡ್ಡ ಹಿಗ್ಗಿದೆ. ಇದು ಲೆನ್ಸಿನ ದೋಷವಲ್ಲ. ನೇರ ಗೆರೆಗಳನ್ನು ನೇರವಾಗಿಯೇ ಉಳಿಸಿಕೊಂಡು ಅಗಲವಾದ ನೋಟವನ್ನು ಚಪ್ಪಟೆ ಹಾಳೆಯ ಮೇಲೆ ಇಳಿಸಿದರೆ ಅಂಚಿನ ವಸ್ತುಗಳು ನಡುವಿನಿಂದ ಹೊರಗಡೆಗೆ ಎಳೆದಂತಾಗುವುದನ್ನು ತಪ್ಪಿಸಲಾಗದು. ಗ್ರೂಪ್ ಫೋಟೊದ ಕೊನೆಯಲ್ಲಿ ನಿಂತವರು ದಪ್ಪಗೆ ಕಾಣುವುದೂ ಇದರಿಂದಲೇ.

ಎಷ್ಟು ಹಿಗ್ಗಿದೆ ಎಂದು ಲೆಕ್ಕ ಹಾಕಬಹುದು. ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಮಿ.ಮೀ., ಚಿತ್ರದ ಅಗಲ 6000 ಪಿಕ್ಸೆಲ್ ಎಂದುಕೊಳ್ಳೋಣ. ಆಗ 24 ಮಿ.ಮೀ. ಎಂದರೆ 4000 ಪಿಕ್ಸೆಲ್. ಇದು f. ಚಿತ್ರದ ನಡುವಿನಿಂದ ಮಡಕೆಯ ನಡುವಿಗೆ ಇರುವ ದೂರ 2650 ಪಿಕ್ಸೆಲ್. ಇದು d. ದುಂಡು ವಸ್ತುವಿನ ಹಿಗ್ಗು ಹೆಚ್ಚುಕಡಿಮೆ √(1 + (d/f)²) ಆಗುತ್ತದೆ. ಇಲ್ಲಿ ಉತ್ತರ 1.2, ಅಂದರೆ ಎತ್ತರ 400 ಪಿಕ್ಸೆಲ್ ಇರುವ ಮಡಕೆಯ ಅಗಲ 480ಕ್ಕೆ ಏರಿದೆ. ಅಗಲವನ್ನಷ್ಟೇ ಶೇ. 83ಕ್ಕೆ ಇಳಿಸಿದರೆ ಮಡಕೆ ಮತ್ತೆ ದುಂಡಗಾಗುತ್ತದೆ. ಮಡಕೆ ಚಿತ್ರದ ಮೂಲೆಯಲ್ಲಿದ್ದಿದ್ದರೆ ಹಿಗ್ಗು ಓರೆಯಾಗಿರುತ್ತಿತ್ತು, ಕುಗ್ಗಿಸುವುದೂ ಆ ಓರೆಯ ಜಾಡಿನಲ್ಲೇ ಆಗಬೇಕಿತ್ತು.

ಸ್ಟೂಲಿನ ವಿಷಯ ಬೇರೆ. ಸೆನ್ಸರಿಗೆ ಸಮಾನಾಂತರವಾಗಿರುವ ಚಪ್ಪಟೆ ಮುಖ ಅಂಚಿನಲ್ಲಿದ್ದರೂ ಹಿಗ್ಗುವುದಿಲ್ಲ. ಗೋಡೆಗೆ ತೂಗುಹಾಕಿದ ಗಡಿಯಾರ ಅಂಚಿನಲ್ಲೂ ದುಂಡಗೇ ಕಾಣುವುದು, ಅದರ ಕೆಳಗೆ ನಿಂತವನ ತಲೆ ಮಾತ್ರ ಅಗಲವಾಗುವುದು ಹೀಗೆ. ಆದ್ದರಿಂದ ಸ್ಟೂಲನ್ನೂ ಮಡಕೆಯ ಜೊತೆಗೇ ಕುಗ್ಗಿಸಿದರೆ ಅದರ ಮುಂಭಾಗ ಇರುವುದಕ್ಕಿಂತ ಕಿರಿದಾಗುತ್ತದೆ. ನಿಖರವಾದ ದಾರಿ ಎಂದರೆ, ಕ್ಯಾಮೆರಾ ನಿಂತಲ್ಲೇ ಸ್ಟೂಲಿನ ಕಡೆಗೆ ತಿರುಗಿದ್ದರೆ ಹೇಗೆ ಕಾಣುತ್ತಿತ್ತೋ ಹಾಗೆ ಚಿತ್ರವನ್ನು ಮರುಬರೆಯಿಸುವುದು. ಪನೋರಮಾ ಜೋಡಿಸುವ ಹ್ಯೂಗಿನ್ ತಂತ್ರಾಂಶಕ್ಕೆ ಒಂದೇ ಫೋಟೊ ಕೊಟ್ಟು, ವಸ್ತು ನಡುವಿಗೆ ಬರುವಂತೆ `Yaw` ಬದಲಿಸಿ, `Rectilinear` ಪ್ರೊಜೆಕ್ಷನ್ನಿನಲ್ಲಿ ಹೊರತೆಗೆದರೆ ಇದು ಆಗುತ್ತದೆ. ಆಗ ಮಡಕೆ ದುಂಡಗಾಗುತ್ತದೆ. ಸ್ಟೂಲು ಮಾತ್ರ ಸುಮಾರು 33 ಡಿಗ್ರಿ ಓರೆಯಾಗಿ ಇಟ್ಟಂತೆ, ಎಡ ಮಗ್ಗುಲನ್ನು ತೋರಿಸುತ್ತ ನಿಲ್ಲುತ್ತದೆ. ಅಂಗಳದ ಚಿತ್ರದಲ್ಲಿ ಓರೆಯಾದ ಸ್ಟೂಲು ಒಪ್ಪುವುದಾದರೆ ಸರಿ. ನೇರವಾಗಿ ಮುಖ ಮಾಡಿದ ಸ್ಟೂಲೇ ಬೇಕೆಂದರೆ ಈ ಫೋಟೊ ಆ ಕೆಲಸಕ್ಕೆ ಬಾರದು.

ಅಂಟಿಸಿಕೊಳ್ಳುವ ಚಿತ್ರವನ್ನೂ ಮರೆಯುವಂತಿಲ್ಲ. ಅಂಗಳದ ಕಂಬಗಳೇ ಬಾಗಿದ್ದರೆ ಅವುಗಳ ಪಕ್ಕದಲ್ಲಿ ನೆಟ್ಟಗೆ ನಿಂತ ಸ್ಟೂಲು ಎದ್ದು ಕಾಣುತ್ತದೆ. ಆಗ ಆ ಚಿತ್ರದ ಬಾಗನ್ನೂ ಮೊದಲೇ ತಿದ್ದಬೇಕು. ಸಿನಿಮಾದ ವಿಷುಯಲ್ ಎಫೆಕ್ಟ್ಸ್ ಕೆಲಸದಲ್ಲಿ ಇನ್ನೂ ಒಂದು ಹೆಜ್ಜೆ ಇದೆ: ದೃಶ್ಯವನ್ನು ನೇರ ಮಾಡಿ, ಹೊಸ ವಸ್ತು ಸೇರಿಸಿ, ಕೊನೆಗೆ ಮೂಲ ಲೆನ್ಸಿನ ಬಾಗನ್ನು ಅದಕ್ಕೆ ಮತ್ತೆ ಕೊಡುತ್ತಾರೆ. ಅಕ್ಕಪಕ್ಕದ ಶಾಟ್‌ಗಳಿಗೆ ಅದು ಹೊಂದಬೇಕಲ್ಲ. ಒಂಟಿ ಫೋಟೊಗೆ ಅಷ್ಟು ದೂರ ಹೋಗಬೇಕಿಲ್ಲ.

ಇಷ್ಟಾದ ಮೇಲೂ ತಿದ್ದಲಾಗದ ಒಂದಿದೆ, ಕ್ಯಾಮೆರಾ ನಿಂತ ಜಾಗ. ಜಗಲಿಯ ಫೋಟೊ ಮಡಕೆಯ ಮಟ್ಟದಲ್ಲಿ ತೆಗೆದದ್ದು. ಅದರಲ್ಲಿ ಮಡಕೆಯ ಬಾಯಿ ಬರೀ ಒಂದು ಅಡ್ಡಗೆರೆ. ಅಂಗಳದ ಚಿತ್ರವನ್ನು ಒಂದೂವರೆ ಮೀಟರ್ ಎತ್ತರದಿಂದ ತೆಗೆದಿದ್ದು, ಮಡಕೆಯ ಬಾಯಿ ಇರಬೇಕಾದದ್ದು ನೆಲದಿಂದ ಮುಕ್ಕಾಲು ಮೀಟರ್ ಮೇಲೆ, ಕ್ಯಾಮೆರಾದಿಂದ ನಾಲ್ಕು ಮೀಟರ್ ದೂರದಲ್ಲಿ ಎಂದರೆ, ಆ ಬಾಯಿ ನೂರು ಪಿಕ್ಸೆಲ್ ಅಗಲಕ್ಕೆ ಸುಮಾರು ಹದಿನೆಂಟು ಪಿಕ್ಸೆಲ್ ತೆರೆದು ಕಾಣಬೇಕು. ಫೋಟೊದಲ್ಲಿ ಮೂಡಿಯೇ ಇಲ್ಲದ ಮಡಕೆಯ ಒಳಭಾಗವನ್ನು ಯಾವ ಲೆನ್ಸ್ ಪ್ರೊಫೈಲೂ ತಂದುಕೊಡುವುದಿಲ್ಲ. ಮಡಕೆ ಇನ್ನೂ ಕೈಗೆಟಕುವಂತಿದ್ದರೆ ಅಂಗಳದ ಚಿತ್ರ ತೆಗೆದಷ್ಟೇ ದೂರದಲ್ಲಿ, ಅಷ್ಟೇ ಎತ್ತರದಲ್ಲಿ ನಿಂತು, ಅದನ್ನು ಚೌಕಟ್ಟಿನ ನಡುವೆ ಇಟ್ಟು ಇನ್ನೊಂದು ಫೋಟೊ ತೆಗೆಯುವುದೇ ಮೇಲು.