ಆರು ವಚನ, ಹನ್ನೆರಡು ನಿಮಿಷ

ಕರಾವಳಿಯವರಿಗೆ ಪ್ರಸಂಗ ಎಂದರೆ ಯಕ್ಷಗಾನ ನೆನಪಾಗುತ್ತದೆ. ನಮ್ಮ ಕ್ರೈಸ್ತ ಸಭೆಗಳಲ್ಲಿ ಭಾನುವಾರದ ಆರಾಧನೆಯ ನಡುವೆ ಸತ್ಯವೇದದ ಒಂದು ಭಾಗ ಓದಿ, ಅದರ ಮೇಲೆ ಆಡುವ ಮಾತಿಗೂ ಅದೇ ಹೆಸರು. ಅದನ್ನು ಮಾಡಬೇಕಾದವರು ಅಯ್ಯನವರು, ಅಂದರೆ ದೀಕ್ಷೆ ಪಡೆದ ಸಭಾಪಾಲಕರು. ಮಂಗಳೂರಿನ ಬಲ್ಮಠದಂಥ ಕಡೆ ವರ್ಷಗಟ್ಟಲೆ ಓದಿ ಬಂದವರು. ಆದರೆ ಹಳ್ಳಿಗಳ ಕಡೆ ಒಬ್ಬ ಅಯ್ಯನವರ ಕೈಯಲ್ಲಿ ನಾಲ್ಕೈದು ಊರುಗಳಿರುತ್ತವೆ. ಅವರು ಒಂದೂರಲ್ಲಿ ಕರ್ತನ ಭೋಜನ ನಡೆಸುವ ಹೊತ್ತಿಗೆ ಇನ್ನೊಂದೂರಲ್ಲಿ ಪೀಠದ ಮುಂದೆ ನಿಲ್ಲುವವರು ಶಾಲೆ ಮಾಸ್ತರೋ, ಅಂಚೆಯಣ್ಣನೋ, ಸಭೆಯ ಹಿರಿಯರೋ ಆಗಿರುತ್ತಾರೆ.

ನಾನು ಹಾಗೆ ಮೊದಲ ಸಲ ನಿಂತಾಗ ಮನೆಯಲ್ಲಿ ಇದ್ದದ್ದು ಒಂದು ಸತ್ಯವೇದ, ಅಪ್ಪನ ಕಾಲದ ಒಂದು ಕೀರ್ತನೆ ಪುಸ್ತಕ, ಒಂದು ಕನ್ನಡ ನಿಘಂಟು. ವ್ಯಾಖ್ಯಾನಗಳ ಸಾಲು ಅಯ್ಯನವರ ಮನೆಯ ಕಪಾಟಿನಲ್ಲಿತ್ತು, ಅದರಲ್ಲೂ ಹೆಚ್ಚಿನವು ಇಂಗ್ಲಿಷು. ಆ ವಾರದ ಪಾಠ ಲೂಕನ ಸುವಾರ್ತೆಯ 18ನೇ ಅಧ್ಯಾಯದ 9ರಿಂದ 14ನೇ ವಚನ. ಇಬ್ಬರು ದೇವಾಲಯಕ್ಕೆ ಪ್ರಾರ್ಥನೆಗೆ ಹೋಗುತ್ತಾರೆ. ಒಬ್ಬ ಫರಿಸಾಯ, ಧರ್ಮಶಾಸ್ತ್ರವನ್ನು ಚಾಚೂ ತಪ್ಪದೆ ಪಾಲಿಸುವ ಪಂಗಡದವನು. ಇನ್ನೊಬ್ಬ ಸುಂಕದವನು. ಮೊದಲನೆಯವನು ತನ್ನ ಉಪವಾಸ, ತನ್ನ ದಶಮಾಂಶ ಹೇಳಿಕೊಳ್ಳುತ್ತಾನೆ. ಎರಡನೆಯವನು ದೂರ ನಿಂತು ಎದೆ ಬಡಿದುಕೊಂಡು ಕರುಣೆ ಬೇಡುತ್ತಾನೆ. ದೇವರು ಒಪ್ಪಿಕೊಂಡದ್ದು ಎರಡನೆಯವನನ್ನು.

ಎರಡೇ ಗಂಟೆಯಲ್ಲಿ ಪ್ರಸಂಗ ಬರೆದು ಮುಗಿಸಿದೆ. ಫರಿಸಾಯನನ್ನು ಚೆನ್ನಾಗಿಯೇ ಝಾಡಿಸಿದೆ. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಒಬ್ಬ ಅಜ್ಜಿ ಕೈ ಹಿಡಿದುಕೊಂಡು ಹೇಳಿದರು: “ಮಾಸ್ತರ, ಭಾಳ ಚಲೋ ಹೇಳಿದ್ರಿ. ಆ ಫರಿಸಾಯನಂಥವರು ನಮ್ಮ ಸಭಿಯೊಳಗೂ ಅದಾರ್ರಿ. ಹೆಸರು ಹೇಳಾಕ ಹೋಗೂದಿಲ್ಲ ನಾ. ದೇವರ ದಯಾ, ನಾವಂತೂ ಹಂಗಿಲ್ಲ.”

ಮನೆಗೆ ಬರುವಾಗ ದಾರಿಯಲ್ಲಿ ಹೊಳೆಯಿತು. ಅಜ್ಜಿ ಹೇಳಿದ್ದು ಫರಿಸಾಯನ ಪ್ರಾರ್ಥನೆಯನ್ನೇ. ಅದನ್ನು ಅವರಿಗೆ ಕಲಿಸಿಕೊಟ್ಟವನು ನಾನು.

ಈ ಸಾಮ್ಯದ ಮೇಲೆ ಮಾತಾಡುವ ಹೊಸಬರಲ್ಲಿ ಬಹಳ ಮಂದಿ ಇದೇ ಹಳ್ಳಕ್ಕೆ ಬೀಳುವುದನ್ನು ಆಮೇಲೆ ನೋಡಿದ್ದೇನೆ. ಪುಸ್ತಕ ಇಲ್ಲದ್ದಕ್ಕೆ ಹೀಗಾಯಿತು ಎಂದು ಆಗ ಅಂದುಕೊಂಡಿದ್ದೆ. ಹಾಗಲ್ಲ. ಇದ್ದ ಒಂದು ಪುಸ್ತಕವನ್ನೇ ನಾನು ಸರಿಯಾಗಿ ಓದಿರಲಿಲ್ಲ. ಎರಡು ವರ್ಷದ ನಂತರ ಬೇರೆ ಊರಲ್ಲಿ ಇದೇ ಪಾಠ ಬಂದಾಗ ಹದಿನೈದು ದಿನ ಮೊದಲೇ ಕೂತೆ. ಆಗ ಮಾಡಿದ್ದನ್ನೇ ಇಲ್ಲಿ ಹೇಳುತ್ತೇನೆ.

ಮೊದಲ ಕೆಲಸ, ಆ ಆರು ವಚನಗಳನ್ನು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದುಕೊಳ್ಳುವುದು, ಒಂದು ಸಾಲು ಬಿಟ್ಟು ಒಂದು ಸಾಲು. ಚಿಕ್ಕಂದಿನಿಂದ ಕೇಳಿದ ಕಥೆಯನ್ನು ಕಣ್ಣು ಓದುವುದಿಲ್ಲ, ನೆನಪು ಓದಿಬಿಡುತ್ತದೆ. ಕೈ ಬರೆಯುವಾಗ ಮಾತ್ರ ಪ್ರತಿ ಪದದ ಹತ್ತಿರ ನಿಲ್ಲಲೇಬೇಕು. ಬರೆದಾದ ಮೇಲೆ ಕ್ರಿಯಾಪದಗಳಿಗೆಲ್ಲ ಅಡಿಗೆರೆ ಎಳೆದು, ಪ್ರತಿಯೊಂದರ ಪಕ್ಕದಲ್ಲೂ ಅದನ್ನು ಮಾಡುವವರು ಯಾರು ಎಂದು ಗುರುತು ಹಾಕಿದೆ. ಕನ್ನಡದಲ್ಲಿ ‘ನಾನು’ ಎಂಬುದು ಕ್ರಿಯಾಪದದ ಬಾಲದಲ್ಲೇ ಅಡಗಿ ಕೂರುತ್ತದೆ, ಹಾಗಾಗಿ ಮೇಲ್ನೋಟಕ್ಕೆ ಸಿಗುವುದಿಲ್ಲ. ಫರಿಸಾಯನ ಪ್ರಾರ್ಥನೆಯಲ್ಲಿ ಸ್ತೋತ್ರ ಸಲ್ಲಿಸುವವನು ಅವನು, ಬೇರೆಯವರಂತಲ್ಲದವನು ಅವನು, ಉಪವಾಸ ಮಾಡುವವನು ಅವನು, ಕೊಡುವವನೂ ಅವನೇ. ದೇವರ ಹೆಸರು ಮೊದಲಲ್ಲಿ ಬರುತ್ತದೆ. ಆಮೇಲೆ ದೇವರಿಗೆ ಮಾಡಲು ಯಾವ ಕೆಲಸವೂ ಉಳಿದಿಲ್ಲ. ಸುಂಕದವನ ಪ್ರಾರ್ಥನೆಯಲ್ಲಿ ಬೇಡಿಕೆ ಒಂದೇ, ಅದನ್ನು ಮಾಡಬೇಕಾದವನು ದೇವರು.

ಇಷ್ಟು ಸಿಕ್ಕ ದಿನ ನನಗೆ ಪ್ರಸಂಗ ಸಿಕ್ಕಿತು. ಇದಕ್ಕೆ ಬೇಕಾದದ್ದು ಒಂದು ಪೆನ್ಸಿಲ್ಲು ಮತ್ತು ಏಳನೇ ತರಗತಿಯ ವ್ಯಾಕರಣ.

ಎರಡನೆಯ ಕೆಲಸ, ಸಾಮ್ಯದಲ್ಲಿ ಬರುವವರು ಯಾರು ಎಂದು ಅದೇ ಸತ್ಯವೇದವನ್ನು ಕೇಳುವುದು. ವಚನದ ಅಂಚಿನಲ್ಲೋ ಅಡಿಯಲ್ಲೋ ಸಣ್ಣ ಅಕ್ಷರದಲ್ಲಿ ಬೇರೆ ಅಧ್ಯಾಯಗಳ ಸೂಚನೆ ಇರುವ ಪ್ರತಿ ಸಿಕ್ಕರೆ ಸುಲಭ. ಇಲ್ಲವಾದರೆ ಲೂಕನ ಪುಸ್ತಕವನ್ನೇ ಮೊದಲಿಂದ ಕೊನೆಯವರೆಗೆ ಓದಬೇಕು, ಇಪ್ಪತ್ನಾಲ್ಕು ಅಧ್ಯಾಯ, ಎರಡು ಮೂರು ಸಂಜೆಯ ಕೆಲಸ. ಸುಂಕದವರು ಬಂದಲ್ಲೆಲ್ಲ ಗುರುತು ಮಾಡುತ್ತ ಹೋದೆ. 3ನೇ ಅಧ್ಯಾಯದಲ್ಲಿ ಸ್ನಾನಿಕನಾದ ಯೋಹಾನನು ಅವರಿಗೆ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲು ಮಾಡಬೇಡಿ ಎನ್ನುತ್ತಾನೆ. ಅಂದರೆ ಮಾಡುತ್ತಿದ್ದರು. 19ರಲ್ಲಿ ಸುಂಕದವರ ಮುಖ್ಯಸ್ಥ ಜಕ್ಕಾಯ, ಅನ್ಯಾಯವಾಗಿ ಕಿತ್ತುಕೊಂಡದ್ದಿದ್ದರೆ ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಎನ್ನುತ್ತಾನೆ. ನಮ್ಮ ಸಾಮ್ಯದ ಸುಂಕದವನು ನಾನು ಮೊದಲ ಸಲ ಚಿತ್ರಿಸಿದಂತೆ ಪಾಪದ ಬಡಪಾಯಿ ಅಲ್ಲ. ಜನರ ಶಾಪ ತಿಂದು ಬದುಕುವವನು.

ಇದನ್ನು ಸಭೆಗೆ ಮುಟ್ಟಿಸುವುದಕ್ಕೆ ರೋಮಿನ ಇತಿಹಾಸ ಬೇಕಾಗಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ನಮ್ಮಲ್ಲೇ ಇದೆಯಲ್ಲ! ಬೆಂಗಳೂರಿನ ಸುಂಕದಕಟ್ಟೆಯಲ್ಲಿ ಮನೆ ಮಾಡಿದವರಿಗೂ ಆ ಹೆಸರಿನ ಕಹಿ ಈಗ ತಿಳಿಯದು, ಆದರೆ ಗಾದೆ ಹೇಳಿದೊಡನೆ ಹಳ್ಳಿಯ ಹಿರಿಯರ ಮುಖದಲ್ಲಿ ನಗು ಮೂಡುತ್ತದೆ. ಅಂಥವನು ಈಗ ತಾನೇ ದುಃಖ ಹೇಳಿಕೊಳ್ಳಲು ನಿಂತಿದ್ದಾನೆ.

ಫರಿಸಾಯನ ವಿಚಾರದಲ್ಲಿ ನಾನು ಮಾಡಿದ ತಪ್ಪು ಇನ್ನೂ ದೊಡ್ಡದು. ಯಾಜಕಕಾಂಡದ 16ನೇ ಅಧ್ಯಾಯ ತೆರೆದರೆ ಉಪವಾಸಕ್ಕೆ ಗೊತ್ತುಮಾಡಿದ್ದು ವರ್ಷಕ್ಕೆ ಒಂದು ದಿನ, ದೋಷಪರಿಹಾರದ ದಿನ. ಇವನು ವಾರಕ್ಕೆ ಎರಡು ಸಲ ಮಾಡುತ್ತಾನೆ. ಧರ್ಮೋಪದೇಶಕಾಂಡದ 14ರಲ್ಲಿ ದಶಮಾಂಶ ಎಂದರೆ ಮುಖ್ಯವಾಗಿ ಧಾನ್ಯ, ದ್ರಾಕ್ಷಾರಸ, ಎಣ್ಣೆ ಮುಂತಾದ ಹುಟ್ಟುವಳಿಯದು. ಇವನು ಗಳಿಸಿದ್ದೆಲ್ಲದರಲ್ಲೂ ಕೊಡುತ್ತಾನೆ. ಸುಳ್ಳು ಹೇಳುತ್ತಿದ್ದಾನೆ ಎಂದು ಯೇಸು ಎಲ್ಲೂ ಹೇಳಿಲ್ಲ. ಇಂಥವನು ಸಿಕ್ಕರೆ ಯಾವ ಸಭೆಯಾದರೂ ಖಜಾಂಚಿ ಮಾಡಿಕೊಂಡೀತು. ಕೇಳುವವರು ಮೊದಲು ಅವನನ್ನು ಮೆಚ್ಚಬೇಕು. ಆಮೇಲೆಯೇ ಕಥೆಯ ತಿರುವು ಅವರಿಗೆ ತಾಗುತ್ತದೆ. ನಾನು ಮೊದಲ ವಾಕ್ಯದಿಂದಲೇ ಅವನನ್ನು ಖಳನಾಯಕ ಮಾಡಿದ್ದರಿಂದ ಯಾರೂ ತಮ್ಮನ್ನು ಅಲ್ಲಿ ಕಾಣಲಿಲ್ಲ.

ಇನ್ನು ಒಂದು ಪದ ಮಾತ್ರ ಕಾಡಿತು. ಸುಂಕದವನು ‘ನೀತಿವಂತ’ನೆಂದು ನಿರ್ಣಯವಾಗಿ ಮನೆಗೆ ಹೋದ ಎಂದಿದೆ. ಇಡೀ ಸತ್ಯವೇದ ಕನ್ನಡದಲ್ಲಿ ಬಳ್ಳಾರಿಯಲ್ಲಿ ಅಚ್ಚಾದದ್ದು 1831ರಲ್ಲಿ, ಜಾನ್ ಹ್ಯಾಂಡ್ಸ್ ಮತ್ತವರ ಸಂಗಡಿಗರಿಂದ. ಆಮೇಲೆ ಎಷ್ಟೋ ಸಲ ತಿದ್ದುಪಡಿಯಾದರೂ ಕೆಲವು ಪದಗಳು ಸಭೆಯೊಳಗೆ ಒಂದು ಅರ್ಥದಲ್ಲಿ, ಹೊರಗೆ ಇನ್ನೊಂದು ಅರ್ಥದಲ್ಲಿ ಬದುಕುತ್ತಿವೆ. ಬಸ್ ಸ್ಟ್ಯಾಂಡಿನಲ್ಲಿ ನೀತಿವಂತ ಎಂದರೆ ಒಳ್ಳೆಯ ನಡತೆಯವನು. ಹಾಗೆ ತೆಗೆದುಕೊಂಡರೆ ಸುಂಕದವನು ಒಂದೇ ಪ್ರಾರ್ಥನೆಗೆ ಸಜ್ಜನನಾಗಿಬಿಟ್ಟ ಎಂದಾಗುತ್ತದೆ. ನಿಘಂಟು ನೆರವಿಗೆ ಬರಲಿಲ್ಲ. ಬಂದದ್ದು ಪಕ್ಕದ ಸಾಮ್ಯ. ಅದೇ ಅಧ್ಯಾಯದ ಮೊದಲ ಎಂಟು ವಚನಗಳಲ್ಲಿ ಒಬ್ಬ ವಿಧವೆ ನ್ಯಾಯಾಧಿಪತಿಯ ಹತ್ತಿರ ನ್ಯಾಯಕ್ಕಾಗಿ ಅಲೆಯುತ್ತಾಳೆ. ಲೂಕನು ಎರಡನ್ನೂ ಒಟ್ಟಿಗೆ ಇಟ್ಟಿದ್ದಾನೆ. ಹಾಗಾದರೆ ಇದೂ ಕಚೇರಿಯ ಮಾತಿರಬೇಕು: ತೀರ್ಪು ಇವನ ಪರವಾಗಿ ಆಯಿತು. ಅಯ್ಯನವರನ್ನು ಕೇಳಿದೆ, ಸರಿ ಎಂದರು. ಅನುಮಾನವಿದ್ದ ಒಂದು ಪದದ ಬಗ್ಗೆ ಫೋನ್ ಮಾಡಿ ಕೇಳುವುದು, ಇಡೀ ಪ್ರಸಂಗ ಬರೆದುಕೊಡಿ ಎಂದು ಕೇಳುವುದಕ್ಕಿಂತ ಎಷ್ಟೋ ಮೇಲು.

ಕೇಳಲು ಯಾರೂ ಇಲ್ಲದಿದ್ದರೆ? ಆ ಪದವನ್ನು ಓದಿ ಮುಂದೆ ಹೋಗಿಬಿಡಿ. ಗ್ರೀಕ್ ಮೂಲದಲ್ಲಿ ಹೀಗಿದೆ, ಆ ಕಾಲದ ಯೆಹೂದ್ಯರು ಹೀಗೆ ಮಾಡುತ್ತಿದ್ದರು ಎಂದು ಮೊಬೈಲಿನಲ್ಲಿ ಕೇಳಿದ್ದನ್ನು ಪೀಠದಿಂದ ಹೇಳಬಾರದು. ನಮ್ಮ ಸತ್ಯವೇದದ ಪುಟದಲ್ಲಿ ಬೆರಳಿಟ್ಟು ತೋರಿಸಲಾಗದ್ದನ್ನು ಮೊದಲ ವರ್ಷ ನಾನು ಹೇಳುವುದೇ ಇಲ್ಲ ಎಂದು ಕಟ್ಟು ಹಾಕಿಕೊಂಡಿದ್ದೆ.

ಇಷ್ಟೆಲ್ಲ ಸಿಕ್ಕಮೇಲೆ ಎಲ್ಲವನ್ನೂ ಹೇಳುವ ಚಪಲ ಬರುತ್ತದೆ. ಅದಕ್ಕೆ ಮದ್ದು, ಪ್ರಸಂಗವನ್ನು ಒಂದೇ ವಾಕ್ಯದಲ್ಲಿ ಬರೆದು ಹಾಳೆಯ ನೆತ್ತಿಗೆ ಹಾಕುವುದು. ನನ್ನದು ಹೀಗಿತ್ತು: ಒಬ್ಬ ದೇವರಿಗೆ ಲೆಕ್ಕ ಒಪ್ಪಿಸಲು ಹೋದ, ಇನ್ನೊಬ್ಬ ಸಾಲ ಮನ್ನಾ ಕೇಳಲು ಹೋದ. ಇದಕ್ಕೆ ಸೇರದ್ದನ್ನೆಲ್ಲ ಹೊಡೆದುಹಾಕಿದೆ. ದೇವಾಲಯದ ವರ್ಣನೆ ಹೋಯಿತು. ಅಯ್ಯೋ ಅನ್ನಿಸಿತು, ಆದರೂ ಹೋಯಿತು. ಜಕ್ಕಾಯನೂ ಹೋದ. ಅವನನ್ನು ಇಟ್ಟುಕೊಂಡರೆ ಸಭೆಯವರು 19ನೇ ಅಧ್ಯಾಯಕ್ಕೆ ಹಾಳೆ ತಿರುವುತ್ತಾರೆ. ಸತ್ಯವೇದದ ಹಾಳೆ ತೆಳು, ನಲವತ್ತು ಜನ ಒಟ್ಟಿಗೆ ತಿರುವಿದರೆ ಸರಸರ ಸದ್ದು. ಆ ಸದ್ದು ನಿಲ್ಲುವಷ್ಟರಲ್ಲಿ ಮಾತಿನ ಎಳೆ ಕಡಿದಿರುತ್ತದೆ. ನನ್ನ ಮೊದಲ ಪ್ರಸಂಗದಲ್ಲಿ ಹೀಗೆ ಏಳು ಸಲ ತಿರುವಿಸಿದ್ದೆ.

ಅಳತೆಗೆ ಹನ್ನೆರಡು ನಿಮಿಷ ಸಾಕು. ಗಡಿಯಾರ ಇಟ್ಟುಕೊಂಡು ಒಂದು ಪುಟವನ್ನು ಪೀಠದಲ್ಲಿ ಓದುವ ನಿಧಾನದಲ್ಲೇ ಗಟ್ಟಿಯಾಗಿ ಓದಿದರೆ, ಎಷ್ಟು ಪುಟ ಬೇಕೆಂದು ಗೊತ್ತಾಗುತ್ತದೆ. ನನಗೆ ನಾಲ್ಕು ಪುಟ. ಮೂರು ನಿಮಿಷ ಕಥೆಗೆ, ಫರಿಸಾಯ ಮೆಚ್ಚುಗೆಯಾಗುವಂತೆ. ಮೂರು ನಿಮಿಷ ಸುಂಕದವನಿಗೆ, ಗಾದೆ ಸಹಿತ. ನಡುವಿನ ನಾಲ್ಕು ಆ ಕ್ರಿಯಾಪದಗಳಿಗೆ. ಉಳಿದ ಎರಡು ಕೊನೆಗೆ. ಹೊಸಬರು ಎಡವುವುದು ಕೊನೆಯಲ್ಲೇ. ಬಂಡಿ ಹೂಡಲು ಬರುತ್ತದೆ, ಬಿಡಲು ಬಾರದು. “ಕಡೆಯದಾಗಿ” ಎಂದು ಮೂರು ಸಲ ಅಂದರೆ ಹಿಂದಿನ ಬೆಂಚಿನ ಹುಡುಗರು ಎಣಿಸತೊಡಗುತ್ತಾರೆ. ಅದಕ್ಕೆ ಕೊನೆಯ ಎರಡು ವಾಕ್ಯವನ್ನು ಮೊದಲೇ ಬರೆದು ಬಾಯಿಪಾಠ ಮಾಡಿಕೊಂಡೆ.

ಶನಿವಾರ ರಾತ್ರಿ ಅಡುಗೆಮನೆಯ ಬಾಗಿಲಲ್ಲಿ ಕೂತು ಹೆಂಡತಿಗೆ ಪೂರ್ತಿ ಓದಿ ಹೇಳಿದೆ. ಆಕೆ ರೊಟ್ಟಿ ಬಡಿಯುತ್ತ ಕೇಳಿದಳು. ಎರಡು ಕಡೆ ಬಡಿಯುವುದು ನಿಂತಿತು. ಒಂದು, ‘ನೀತೀಕರಣ’ ಎಂದಾಗ: “ಹಂಗಂದ್ರ ಏನ್ರೀ?” ಅದನ್ನು ತೆಗೆದು ‘ತೀರ್ಪು ಅವನ ಪರ ಆಯಿತು’ ಎಂದು ಬರೆದೆ. ಇನ್ನೊಂದು, ಕಾಣಿಕೆಯನ್ನು ಎಲ್ಲರಿಗೂ ಕಾಣುವಂತೆ ಹಾಕುವ ಒಬ್ಬರ ಉದಾಹರಣೆ ಕೊಟ್ಟಾಗ. ಹೆಸರು ಹೇಳಿರಲಿಲ್ಲ. “ನಲವತ್ತು ಮಂದಿಯೊಳಗ ಅವರು ಯಾರಂತ ಗೊತ್ತಾಗೂದಿಲ್ಲೇನು? ಎಲ್ಲಾರೂ ಅವರ ಕಡೆನ ಹೊಳ್ಳಿ ನೋಡ್ತಾರ.”

ಅದರ ಬದಲು ನನ್ನದೇ ಉದಾಹರಣೆ ಇಟ್ಟೆ. ಎರಡು ವರ್ಷದ ಹಿಂದೆ ಇದೇ ಭಾಗದ ಮೇಲೆ ಮಾತಾಡಿ, ನಾನು ಆ ಫರಿಸಾಯನಂತಲ್ಲ ಎಂದು ಒಳಗೊಳಗೇ ಹಿಗ್ಗಿಕೊಂಡು ಪೀಠ ಇಳಿದಿದ್ದನ್ನು ಹೇಳಿದೆ. ಅಜ್ಜಿಯ ಮಾತು ಹೇಳಲಿಲ್ಲ, ಅದು ಅವರ ಸ್ವತ್ತು.

ಆ ನಾಲ್ಕು ಪುಟ ಈಗಲೂ ಇವೆ. ಹಾಳೆಯ ಮೂಲೆಯಲ್ಲಿ ಊರು, ತಾರೀಖು, ಹಿಡಿದ ನಿಮಿಷ ಬರೆದಿಟ್ಟಿದ್ದೇನೆ. ಅದೇ ಊರಿಗೆ ಅದೇ ಪ್ರಸಂಗ ಹೊತ್ತುಕೊಂಡು ಹೋದರೆ ಮಕ್ಕಳು ಮೊದಲು ಗುರುತು ಹಿಡಿಯುತ್ತಾರೆ. ಹನ್ನೆರಡು ಎಂದುಕೊಂಡದ್ದು ಹದಿನಾಲ್ಕಾಗಿತ್ತು.